ಅವಳ ಎಡಗೈಯನ್ನು ನೋಡಿ, ಟೀಚರ್

ಪ್ರತಿ ವರ್ಷ ಜೂನ್ ಬಂತೆಂದರೆ ಮಗಳ ಹೊಸ ಟೀಚರಿಗೆ ನಾನೊಂದು ಪತ್ರ ಬರೆಯುತ್ತೇನೆ. ಒಂದನೇ ತರಗತಿಯ ಪತ್ರ ಅರ್ಧ ಪುಟದ್ದು, ಅದರಲ್ಲಿ ಇದ್ದದ್ದು ಬರೀ ಬೇಡಿಕೊಳ್ಳುವ ಮಾತು. ಈ ವರ್ಷದ್ದು ಹಾಗಿಲ್ಲ. ಅವಳು ಈಗ ನಾಲ್ಕನೇ ತರಗತಿ. ಏನು ಕೇಳಬೇಕು, ಏಕೆ ಕೇಳಬೇಕು ಎನ್ನುವುದು ನನಗೂ ಈ ನಾಲ್ಕು ವರ್ಷಗಳಲ್ಲಿ ತಿಳಿದಿದೆ. ಮಲೆನಾಡಿನ ನಮ್ಮ ಊರಿನಂಥ ಊರುಗಳಲ್ಲಿ ಇನ್ನೂ ಹಲವು ತಾಯಂದಿರು ಇಂಥದೇ ಪತ್ರ ಬರೆಯಬೇಕಾಗಿರುತ್ತದೆ. ಹಾಗಾಗಿ ಟೀಚರ ಒಪ್ಪಿಗೆ ಪಡೆದು, ಮಗಳ ಹೆಸರನ್ನೂ ಶಾಲೆಯ ಹೆಸರನ್ನೂ ಬಿಟ್ಟು, ಪತ್ರವನ್ನು ಇಲ್ಲಿ ಕೊಡುತ್ತಿದ್ದೇನೆ.

ನಾಲ್ಕನೇ ತರಗತಿಯ ಟೀಚರಿಗೆ ನಮಸ್ಕಾರಗಳು.

ಶಾಲೆ ಶುರುವಾದ ದಿನ ನೀವು ಬಾಗಿಲವರೆಗೆ ಬಂದು, ಪುಟ್ಟಿ ವಾಕರ್ ಹಿಡಿದು ಹೊಸ್ತಿಲು ದಾಟುವವರೆಗೂ ನಿಂತಿದ್ದಿರಿ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಇವಳಿಗೆ ಏನಾಗಿದೆ, ನಾನು ಏನು ಮಾಡಬೇಕು, ಬಿಡಿಸಿ ಹೇಳಿ" ಎಂದಿರಿ. ಹೊರಗೆ ಮಳೆ, ಒಳಗೆ ಮಕ್ಕಳ ಗದ್ದಲ, ಅಲ್ಲಿ ಹೇಳಲಾಗಲಿಲ್ಲ. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಿದವರು ನೀವೇ ಮೊದಲಿಗರು. ಅದಕ್ಕೇ ಇಷ್ಟು ಉದ್ದದ ಉತ್ತರ.

ಪುಟ್ಟಿ ಹುಟ್ಟಿದ್ದು ಮೂವತ್ತು ವಾರಕ್ಕೆ. ತೂಕ 1 ಕಿಲೋ 300 ಗ್ರಾಂ. ಐದು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು. ಎಂಟು ತಿಂಗಳಾದರೂ ಕೂರಲಿಲ್ಲ, ಡಯಾಪರ್ ಹಾಕಲು ಕಾಲು ಅಗಲಿಸಿದರೆ ಕತ್ತರಿಯಂತೆ ಮತ್ತೆ ಕೂಡಿಕೊಳ್ಳುತ್ತಿದ್ದವು. ಕೇಳಿದವರೆಲ್ಲ "ಕೆಲವು ಮಕ್ಕಳು ತಡ" ಎಂದರು. ಗ್ರಹಣದ ದಿನ ನಾನು ಅಂಗಳಕ್ಕೆ ಬಂದದ್ದೇ ಕಾರಣ ಎಂದವರೂ ಇದ್ದರು. ಎರಡು ವರ್ಷಕ್ಕೆ ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು, ಇದು ಸೆರೆಬ್ರಲ್ ಪಾಲ್ಸಿ ಎಂದು. ನಾವು ಸಿ.ಪಿ. ಎನ್ನುತ್ತೇವೆ.

ಆ ಫಿಲ್ಮನ್ನು ಬೆಳಕಿಗೆ ಹಿಡಿದು ವೈದ್ಯರು ತೋರಿಸಿದ್ದನ್ನು ನಿಮಗೂ ಹೇಳುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಅರ್ಥವಾಗುತ್ತದೆ. ಮೆದುಳಿನ ನಡುವೆ ನೀರು ತುಂಬಿದ ಎರಡು ಕೋಣೆಗಳಿವೆ. ಅವುಗಳ ಗೋಡೆಗೆ ಅಂಟಿಕೊಂಡಂತೆ ನರದ ಎಳೆಗಳು ಮೇಲಿನಿಂದ ಬೆನ್ನುಹುರಿಗೆ ಇಳಿಯುತ್ತವೆ. ಇಪ್ಪತ್ತೆಂಟು, ಮೂವತ್ತು ವಾರದ ಕೂಸಿನಲ್ಲಿ ಆ ಜಾಗ ತುಂಬ ಎಳಸು. ರಕ್ತವೋ ಆಮ್ಲಜನಕವೋ ಸ್ವಲ್ಪ ಕಡಿಮೆಯಾದರೂ ಅಲ್ಲೇ ಪೆಟ್ಟು ಬೀಳುತ್ತದೆ. ಗೋಡೆಗೆ ತೀರಾ ಹತ್ತಿರ ಹಾದುಹೋಗುವುದು ಕಾಲಿನ ಎಳೆಗಳು, ಕೈಯವು ಅದರಾಚೆ, ಮುಖ ಮತ್ತು ಬಾಯಿಯವು ಇನ್ನೂ ಆಚೆ. ಅದಕ್ಕೇ ಪುಟ್ಟಿಯ ಕಾಲುಗಳು ಹೆಚ್ಚು ಬಿಗಿ, ಕೈಗಳು ಸ್ವಲ್ಪ ಬಿಗಿ, ಮಾತು ಮಾತ್ರ ನಿಮಗೆ ಗೊತ್ತೇ ಇದೆ, ನಿಲ್ಲುವುದೇ ಇಲ್ಲ. ಇದನ್ನು ಡೈಪ್ಲೀಜಿಯಾ ಎನ್ನುತ್ತಾರೆ. ಇನ್ನೊಂದು ವಿಷಯವಿದೆ, ಅದನ್ನು ನಾನೇ ಐದು ವರ್ಷ ತಡವಾಗಿ ತಿಳಿದುಕೊಂಡೆ: ಕಂಡದ್ದನ್ನು ಅರ್ಥ ಮಾಡಿಸುವ ಎಳೆಗಳೂ ಅದೇ ಕೋಣೆಗಳ ಹಿಂಬದಿಯಲ್ಲಿ ಹಾದುಹೋಗುತ್ತವೆ. ಅದಕ್ಕೆ ಆಮೇಲೆ ಬರುತ್ತೇನೆ.

ಬಿಗಿ ಎಂದರೆ ಬಲಹೀನ ಎಂದಷ್ಟೇ ಅಲ್ಲ. ನಾವು ಕಾಲು ಮಡಿಸುವಾಗ ಒಂದು ಸ್ನಾಯು ಬಿಗಿಯಾಗುತ್ತದೆ, ಅದರ ಎದುರಿನದು ಸಡಿಲವಾಗುತ್ತದೆ. "ಸಡಿಲಾಗು" ಎನ್ನುವ ಸುದ್ದಿ ಪುಟ್ಟಿಯ ಕಾಲಿಗೆ ಸರಿಯಾಗಿ ತಲುಪುವುದಿಲ್ಲ. ಬೇಗ ಎಳೆದರೆ ಆ ಸ್ನಾಯು ಇನ್ನೂ ಬಿಗಿಯುತ್ತದೆ, ನಿಧಾನ ಹಿಡಿದರೆ ಬಿಡುತ್ತದೆ. ಆದ್ದರಿಂದ ಅವಸರವಾದಾಗ ಅವಳ ಕೈ ಹಿಡಿದು ಎಳೆಯಬೇಡಿ. ಮಳೆಗಾಲದ ಚಳಿಯಲ್ಲಿ, ಹೆದರಿದಾಗ, ದಿಢೀರ್ ಸದ್ದಾದಾಗ ಬಿಗಿತ ಹೆಚ್ಚುತ್ತದೆ. ಮೇಜಿನ ಮೇಲೆ ಸ್ಕೇಲ್ ಬಡಿದರೆ ಅವಳ ಇಡೀ ಮೈ ಜಿಗಿದು ಪೆನ್ಸಿಲ್ ಹಾಳೆಯ ಉದ್ದಕ್ಕೂ ಗೀರಿಬಿಡುತ್ತದೆ. ಅದು ಹೆದರಿಕೆಯ ಸ್ವಭಾವ ಅಲ್ಲ, ಬೇಕೆಂದು ಮಾಡಿದ್ದೂ ಅಲ್ಲ.

ಇದು ಅಂಟುವ ರೋಗ ಅಲ್ಲ. ಮೆದುಳಿನ ಆ ಗಾಯ ದೊಡ್ಡದಾಗುವುದೂ ಇಲ್ಲ. ಆದರೆ ಮೂಳೆ ಬೆಳೆದಷ್ಟು ಬೇಗ ಬಿಗಿಯಾದ ಸ್ನಾಯು ಉದ್ದವಾಗದು. ಹಾಗಾಗಿ ಅವಳು ಎತ್ತರವಾದ ವರ್ಷ ನಡಿಗೆ ಕೆಟ್ಟಂತೆ ಕಾಣುತ್ತದೆ, ಹೋದ ವರ್ಷ ಸರಿಯಿದ್ದ ಕುರ್ಚಿ ಈ ವರ್ಷ ಸರಿಯಾಗುವುದಿಲ್ಲ. ಅವಳಿಗೆ ಫಿಟ್ಸ್ ಇಲ್ಲ. ಸಿ.ಪಿ. ಇರುವ ಕೆಲವು ಮಕ್ಕಳಿಗೆ ಇರುತ್ತದೆ, ಇನ್ನು ಕೆಲವರಿಗೆ ಮಾತು ಹೊರಡುವುದು ಕಷ್ಟ, ಮತ್ತೆ ಕೆಲವರಿಗೆ ಕೈಕಾಲು ತಾವಾಗಿಯೇ ಅಲುಗಾಡುತ್ತಿರುತ್ತವೆ. ನಾನು ಇಲ್ಲಿ ಬರೆಯುತ್ತಿರುವುದು ಪುಟ್ಟಿಗೆ ಹೊಂದುವ ಮಾತು. ನಾಳೆ ನಿಮ್ಮ ತರಗತಿಗೆ ಸಿ.ಪಿ. ಇರುವ ಇನ್ನೊಂದು ಮಗು ಬಂದರೆ, ಆ ಮಗುವಿನ ಮನೆಯವರನ್ನೇ ಕೇಳಿ.

ಈಗ ಬೆಂಚಿನ ವಿಷಯ. ಮೂರನೇ ತರಗತಿವರೆಗೆ ನಲಿ-ಕಲಿ ಇತ್ತು. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಿದ್ದರು, ಪುಟ್ಟಿ ಗೋಡೆಗೆ ಒರಗಿ ಒಂದು ಪುಟಾಣಿ ಸ್ಟೂಲಿನ ಮೇಲೆ. ಈ ವರ್ಷ ಬೆಂಚು, ಡೆಸ್ಕು, ಕಪ್ಪುಹಲಗೆ. ಮೊದಲ ವಾರ ಅವಳ ನೋಟ್‌ಬುಕ್ ನೋಡಿದೆ. ಮೂರು ಸಾಲು, ಮೂರೂ ಬೆಟ್ಟ ಇಳಿದಂತೆ. ಅಡಿಯಲ್ಲಿ ನೀವು "ಅಕ್ಷರ ದುಂಡಾಗಿ ಬರೆಯುವುದನ್ನು ಅಭ್ಯಾಸ ಮಾಡಿಸಿ" ಎಂದು ಬರೆದಿದ್ದೀರಿ. ತಪ್ಪು ತಿಳಿಯಬೇಡಿ, ನಾಲ್ಕು ವರ್ಷದ ಹಿಂದಾಗಿದ್ದರೆ ನಾನೂ ಅದನ್ನೇ ಮಾಡಿಸುತ್ತಿದ್ದೆ. ಸಂಜೆ ಎರಡೆರಡು ಪುಟ ಕಾಪಿ ಬರೆಸಿ, ಇಬ್ಬರೂ ಅತ್ತು ಮಲಗಿದ ದಿನಗಳಿವೆ. ಆಮೇಲೆ ಅವಳ ಥೆರಪಿಸ್ಟ್ ಒಬ್ಬರು ನೋಟ್‌ಬುಕ್ಕನ್ನು ಮುಚ್ಚಿಟ್ಟು ಡೆಸ್ಕಿನ ಕೆಳಗೆ ಬಗ್ಗಿ ನೋಡಿದರು. "ಕಾಲು ಎಲ್ಲಿದೆ ನೋಡಿ, ಆಮೇಲೆ ಕೈಬರಹದ ಮಾತು" ಎಂದರು.

ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಪಾದಕ್ಕೆ ನೆಲ ಸಿಗದಿದ್ದರೆ ಅವಳ ತೊಡೆಯ ಹಿಂದಿನ ಬಿಗಿ ಸ್ನಾಯುಗಳು ಸೊಂಟವನ್ನು ಕೆಳಗೆ ಜಗ್ಗುತ್ತವೆ. ಸೊಂಟ ಮುಂದೆ ಜಾರುತ್ತದೆ, ಬೆನ್ನು ಗೂನಾಗುತ್ತದೆ, ಬೀಳದಿರಲು ಎಡಗೈ ಹೋಗಿ ಬೆಂಚಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಿಡಿಯುವವರಿಲ್ಲದೆ ನೋಟ್‌ಬುಕ್ ತಿರುಗುತ್ತದೆ, ಸಾಲು ಬೆಟ್ಟ ಇಳಿಯುತ್ತದೆ. ಬೀಳದಿರುವುದಕ್ಕೇ ಗಮನವೆಲ್ಲ ಹೋದ ಮಗುವಿಗೆ "ಒತ್ತಕ್ಷರ ಎಲ್ಲಿ ಬರಬೇಕು" ಎನ್ನುವುದು ಎಲ್ಲಿ ನೆನಪಾದೀತು?

ಹೋದ ಶನಿವಾರ ಹೆಡ್‌ಮಾಸ್ಟರ ಅನುಮತಿ ಪಡೆದು ನಿಮ್ಮ ಕೋಣೆಯ ಬೆಂಚನ್ನು ಟೇಪಿನಲ್ಲಿ ಅಳೆದುಕೊಂಡು ಬಂದೆ. ಕೂರುವ ಹಲಗೆ ನೆಲದಿಂದ 42 ಸೆಂಟಿಮೀಟರ್. ಪುಟ್ಟಿಯ ಮಂಡಿಯ ಹಿಂಬದಿಯಿಂದ ಬೂಟಿನ ತಳದವರೆಗೆ 30. ಅಂದರೆ ಪಾದದಡಿ 12 ಸೆಂಟಿಮೀಟರ್ ಪೆಟ್ಟಿಗೆ ಇಟ್ಟರೆ ಸಾಕು ಎನಿಸುತ್ತದೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಡೆಸ್ಕನ್ನೂ ಅಳೆಯಬೇಕು. ಡೆಸ್ಕು 64 ಸೆಂಟಿಮೀಟರ್ ಎತ್ತರದಲ್ಲಿದೆ. ಅವಳು ಕೂತಾಗ ಮೊಳಕೈ ಹಲಗೆಯಿಂದ 17 ಮೇಲೆ, ಅಂದರೆ ನೆಲದಿಂದ 59. ಡೆಸ್ಕು ಮೊಳಕೈಗಿಂತ 5 ಸೆಂಟಿಮೀಟರ್ ಎತ್ತರ. ಹಾಗೇ ಬರೆಸಿದರೆ ಭುಜ ಕಿವಿಗೆ ಏರುತ್ತದೆ, ಕೈ ಹತ್ತು ನಿಮಿಷಕ್ಕೆ ಸೋಲುತ್ತದೆ. ಆದ್ದರಿಂದ ಬೆಂಚಿನ ಮೇಲೆ 5 ಸೆಂಟಿಮೀಟರ್ ದಪ್ಪದ ಗಟ್ಟಿ ಹಲಗೆ ಹಾಕಬೇಕು, ದಿಂಬು ಬೇಡ, ಅದು ಕುಸಿಯುತ್ತದೆ. ಕೂರುವ ಜಾಗ 5 ಏರಿತಲ್ಲ, ಪಾದದ ಪೆಟ್ಟಿಗೆಯೂ 12 ಬದಲು 17 ಆಗಬೇಕು. ನಮ್ಮ ಬೀದಿಯ ಬಡಗಿ ಎರಡನ್ನೂ ಮಾಡುತ್ತಿದ್ದಾರೆ. ಪೆಟ್ಟಿಗೆಯ ಮೇಲೆ ಜಾರದಂತೆ ರಬ್ಬರ್ ಶೀಟ್ ಬಡಿಸುತ್ತೇನೆ, ನೋಟ್‌ಬುಕ್ಕಿನ ಅಡಿಗೂ ಅದರದೇ ಒಂದು ತುಂಡು. ಅವಳನ್ನು ಗೋಡೆಯ ಪಕ್ಕದ ಕೊನೆಯಲ್ಲಿ ಕೂರಿಸಬೇಡಿ. ಬೆಂಚಿಗೆ ಒರಗು ಇಲ್ಲದ ಕಾರಣ ಹಿಂದಿನ ಡೆಸ್ಕು ಬೆನ್ನಿಗೆ ತಾಗುವಂತೆ, ಕಪ್ಪುಹಲಗೆಗೆ ನೇರ ಎದುರಾಗಿ, ಎರಡನೇ ಸಾಲಿನಲ್ಲಿ ಕೂರಿಸಿ. ಓರೆ ಕೂತು ಕುತ್ತಿಗೆ ತಿರುಗಿಸಿದರೆ ಅವಳ ಮೈಯೆಲ್ಲ ಆ ಕಡೆ ವಾಲುತ್ತದೆ.

ಇಷ್ಟು ಅಳತೆಯನ್ನು ನೀವು ನೆನಪಿಟ್ಟುಕೊಳ್ಳಬೇಕಿಲ್ಲ. ಪಾಠದ ನಡುವೆ ಒಮ್ಮೆ ಅವಳ ಎಡಗೈಯನ್ನು ನೋಡಿ. ಅದು ನೋಟ್‌ಬುಕ್ಕಿನ ಮೇಲಿದ್ದರೆ ಕೂತದ್ದು ಸರಿಯಿದೆ. ಬೆಂಚನ್ನು ಹಿಡಿದಿದ್ದರೆ ಜಾರಿದ್ದಾಳೆ. ಆಗ "ನೆಟ್ಟಗೆ ಕೂರು" ಎಂದರೆ ಅವಳು ಭುಜ ಎತ್ತುತ್ತಾಳೆ ಅಷ್ಟೇ, ಸೊಂಟ ಅಲ್ಲೇ ಇರುತ್ತದೆ. "ಪುಟ್ಟಿ, ಹಿಂದೆ ಸರಿ, ಪಾದ ಪೆಟ್ಟಿಗೆ ಮೇಲೆ" ಎನ್ನಿ, ಅದು ಅವಳಿಗೆ ಅಭ್ಯಾಸವಿರುವ ಮಾತು.

ಇನ್ನು ಕಣ್ಣಿನ ವಿಷಯ. ಕಣ್ಣಿನ ಡಾಕ್ಟರು ದೂರದ ಅಕ್ಷರಗಳನ್ನು ಓದಿಸಿ ದೃಷ್ಟಿ ಸರಿಯಿದೆ ಎಂದರು. ಒಂದೊಂದೇ ಅಕ್ಷರ ತೋರಿಸಿದರೆ ಸರಿಯೇ ಇದೆ. ಆದರೆ ತುಂಬಿದ ಪುಟದಲ್ಲಿ ಬೇಕಾದ ಒಂದನ್ನು ಹುಡುಕುವುದು, ಎರಡು ವಸ್ತುಗಳಲ್ಲಿ ಯಾವುದು ಯಾವುದರ ಕೆಳಗಿದೆ ಎಂದು ಹಿಡಿಯುವುದು, ಇವು ಅವಳಿಗೆ ಕಷ್ಟ. ಸಂತೆಯ ಗದ್ದಲದಲ್ಲಿ ಒಬ್ಬರ ದನಿ ಹಿಡಿದಂತೆ ಎಂದುಕೊಳ್ಳಿ. ಇದು ನನಗೆ ತಿಳಿದದ್ದು ಒಂದು ಲೆಕ್ಕದಿಂದ.

ಹೋದ ವರ್ಷದ ಒಂದು ಕಿರುಪರೀಕ್ಷೆ. 20 ಅಂಕಕ್ಕೆ 7. ಅದರಲ್ಲಿ 346ಕ್ಕೆ 27 ಕೂಡುವ ಲೆಕ್ಕವಿತ್ತು. ಪುಟ್ಟಿ ಬರೆದ ಉತ್ತರ 616. ಮೇಲೆ ಕೆಂಪು ಗೆರೆ, ಪಕ್ಕದಲ್ಲಿ "ದಶಕ ಬರುವುದಿಲ್ಲ" ಎಂಬ ಷರಾ. ನಾನೂ ನಂಬಿದೆ. ರಾತ್ರಿ ಅವಳು ಮಲಗಿದ ಮೇಲೆ ಹಾಳೆಯನ್ನು ಮತ್ತೆ ನೋಡಿದೆ. ಅವಳು 27 ಅನ್ನು 46ರ ಕೆಳಗೆ ಬರೆದಿರಲಿಲ್ಲ, ಒಂದು ಮನೆ ಎಡಕ್ಕೆ ಸರಿದು 34ರ ಕೆಳಗೆ ಬರೆದಿದ್ದಳು. ಹಾಗಾದಾಗ ಅದು 27 ಅಲ್ಲ, 270. ಈಗ ಕೂಡಿ ನೋಡಿ. 6ರ ಕೆಳಗೆ ಏನೂ ಇಲ್ಲ, 6. ನಾಲ್ಕಕ್ಕೆ ಏಳು ಸೇರಿ 11, ಒಂದು ಬರೆದು ಒಂದು ದಶಕ. ಮೂರು, ಎರಡು, ದಶಕದ ಒಂದು, ಒಟ್ಟು 6. ಉತ್ತರ 616. ದಶಕ ಬಂದಿದೆ, ಸರಿಯಾಗಿ ಬಂದಿದೆ. ತಪ್ಪಿದ್ದು ಅಂಕಿ ಕೂತ ಜಾಗ ಮಾತ್ರ. ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಬಾಯಲ್ಲೇ ಕೇಳಿದೆ, "ಅಜ್ಜನ ಹತ್ತಿರ 346 ಅಡಿಕೆ ಇದೆ, ನೀನು 27 ಕೊಟ್ಟೆ, ಎಷ್ಟಾಯ್ತು?" ದೋಸೆ ಬಾಯಲ್ಲಿಟ್ಟುಕೊಂಡೇ "373" ಎಂದಳು.

ಆ ದಿನ ಭಾನುವಾರ. ಪ್ರಶ್ನೆಪತ್ರಿಕೆಯನ್ನು ಕತ್ತರಿಸಿ ಒಂದೊಂದು ಪ್ರಶ್ನೆಯನ್ನು ಒಂದೊಂದು ಹಾಳೆಗೆ ಅಂಟಿಸಿದೆ. ಲೆಕ್ಕಕ್ಕೆ ಎರಡೆರಡು ಸೆಂಟಿಮೀಟರಿನ ಚೌಕ ಗೀಚಿ, ಒಂದು ಚೌಕಕ್ಕೆ ಒಂದೇ ಅಂಕಿ ಎಂದೆ. ನಡುವೆ ಹತ್ತು ನಿಮಿಷ ಬಿಡುವು ಕೊಟ್ಟೆ. ಅದೇ ಪ್ರಶ್ನೆಗಳಿಗೆ 17 ಅಂಕ ಬಂತು. ಪ್ರಶ್ನೆಗಳನ್ನು ಒಮ್ಮೆ ಕಂಡಿದ್ದಳು, ನಿಜ, ಹಾಗಾಗಿ ಹೆಚ್ಚಿದ ಹತ್ತಕ್ಕೆ ಹತ್ತೂ ಅಂಕ ಚೌಕದ ಪವಾಡ ಎನ್ನಲಾರೆ. ಆದರೆ ಉಳಿದ ಮೂರು ಅಂಕಗಳಲ್ಲಿ ಎರಡು ಗುಣಾಕಾರದ್ದು. ಏಳರ ಮಗ್ಗಿ ಅವಳಿಗೆ ನಿಜವಾಗಿಯೂ ಬರುತ್ತಿರಲಿಲ್ಲ. ಅದೇ ನನಗೆ ಬೇಕಾಗಿದ್ದ ಸುದ್ದಿ. ಮೊದಲ ಪರೀಕ್ಷೆಯಲ್ಲಿ ಆ ಮಗ್ಗಿಯ ತಪ್ಪು ಉಳಿದ ತಪ್ಪುಗಳ ನಡುವೆ ಕಾಣದೆ ಹೋಗಿತ್ತು.

ಆದ್ದರಿಂದ ಟೀಚರ್, ಪುಟ್ಟಿಯ ತಪ್ಪು ಉತ್ತರಕ್ಕೆ ಗೆರೆ ಎಳೆಯುವ ಮೊದಲು ಒಂದು ಸಲ ಬಾಯಲ್ಲಿ ಕೇಳಿ. ಬಾಯಲ್ಲೂ ತಪ್ಪಿದರೆ ಧಾರಾಳವಾಗಿ ಗೆರೆ ಎಳೆಯಿರಿ, ಮತ್ತೆ ಕಲಿಸಿ. "ಪಾಪ" ಎಂದು ಅಂಕ ಹಾಕಬೇಡಿ. ಚೌಕದ ಪುಸ್ತಕವನ್ನು ನಾನೇ ಮಾಡಿ ಕಳಿಸುತ್ತೇನೆ. ಓದುವಾಗ ಸಾಲು ತಪ್ಪದಂತೆ ನಡುವೆ ಕಿಂಡಿ ಕತ್ತರಿಸಿದ ಕಪ್ಪು ರಟ್ಟು ಅವಳ ಬ್ಯಾಗಿನಲ್ಲಿದೆ, ತೆಗೆಯಲು ನೆನಪಿಸಿದರೆ ಸಾಕು. ಹಲಗೆಯಿಂದ ಉದ್ದ ನೋಟ್ಸ್ ಇಳಿಸುವುದನ್ನು ಮಾತ್ರ ಅವಳಿಂದ ಬಿಡಿಸಿ. ತಲೆ ಎತ್ತಿ ಹಲಗೆ ನೋಡಿ, ಮತ್ತೆ ಬಗ್ಗಿ ಹಾಳೆ ನೋಡುವಷ್ಟರಲ್ಲಿ ಅವಳಿಗೆ ಎರಡೂ ಕಡೆಯ ಜಾಗ ತಪ್ಪಿರುತ್ತದೆ. ಪಕ್ಕದ ಹುಡುಗಿಯ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಅಂಟಿಸುತ್ತೇನೆ. ಬೇರೆಯವರು ಹತ್ತು ಸಾಲು ಬರೆಯುವ ಹೊತ್ತಿನಲ್ಲಿ ಇವಳು ತನ್ನ ಸ್ವಂತ ವಾಕ್ಯ ಎರಡು ಬರೆಯಲಿ.

ಹೊತ್ತಿನ ಬಗ್ಗೆಯೂ ಒಂದು ಮಾತು. ಅವಳಂತೆ ನಡೆಯುವ ಮಕ್ಕಳಿಗೆ ಅಷ್ಟೇ ದೂರ ನಡೆಯಲು ಬೇರೆ ಮಕ್ಕಳಿಗಿಂತ ಎರಡು ಮೂರು ಪಟ್ಟು ಶಕ್ತಿ ಬೇಕು. ಗೇಟಿನಿಂದ ತರಗತಿಗೆ ಬರುವಷ್ಟರಲ್ಲೇ ಅವಳು ಒಂದು ಆಟ ಆಡಿ ಮುಗಿಸಿದಷ್ಟು ದಣಿದಿರುತ್ತಾಳೆ. ಬಂದ ಕೂಡಲೇ ಬರೆಸದೆ ಐದು ನಿಮಿಷ ಬಿಡಿ. ಗಣಿತ, ಬರವಣಿಗೆ ಊಟಕ್ಕೆ ಮುಂಚೆ ಇದ್ದರೆ ಒಳ್ಳೆಯದು. ಪೆನ್ಸಿಲ್ ಮೊನೆ ಪದೇ ಪದೇ ಮುರಿಯತೊಡಗಿದರೆ, ಪಾದ ಪೆಟ್ಟಿಗೆಯಿಂದ ಎದ್ದು ಕಾಲು ನೆಟ್ಟಗೆ ಚಾಚಿಕೊಂಡರೆ, ಕೈಯ ಶ್ರಮ ಕಾಲಿಗೂ ಹರಿದಿದೆ ಎಂದರ್ಥ. ಅಲ್ಲಿಗೆ ಬರವಣಿಗೆ ನಿಲ್ಲಿಸಿ ಬಾಯಲ್ಲಿ ಕೇಳುವುದು ಲೇಸು.

ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುವುದು, ಬರೆಯಲು ಇನ್ನೊಬ್ಬರನ್ನು ಕೊಡುವುದು ಇವೆರಡೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಮಿನಲ್ಲೇ ಇವೆ. ದೊಡ್ಡ ಪರೀಕ್ಷೆಗಳಿಗಾಗಿ 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಎಂದಿತ್ತು. ಆದರೆ ಒಂದು ವಿಷಯ ನನಗೆ ಅನುಭವದಿಂದ ಗೊತ್ತು. ದಣಿದ ಕೈಗೆ ಇನ್ನೂ 20 ನಿಮಿಷ ಕೊಟ್ಟರೆ ಇನ್ನೂ ಕೆಟ್ಟ 20 ನಿಮಿಷ ಸಿಗುತ್ತದೆ. ಆ ಸಮಯವನ್ನು ನಡುವೆ ಬಿಡುವಾಗಿ ಕೊಡಿ, ಇಲ್ಲವೇ ಅರ್ಧ ಪತ್ರಿಕೆಯ ಉತ್ತರವನ್ನು ಅವಳು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಹೇಳಿ ಬರೆಸುವುದೂ ಒಂದು ವಿದ್ಯೆ. ಪೂರ್ತಿ ವಾಕ್ಯ ಮನಸ್ಸಿನಲ್ಲಿ ಕಟ್ಟಿಕೊಂಡು, ಎಲ್ಲಿ ನಿಲ್ಲಿಸಬೇಕು ಎಂದು ಹೇಳಿ, ಬರೆದದ್ದನ್ನು ಓದಿಸಿ ತಿದ್ದಿಸಬೇಕು. ಎಸ್ಸೆಸ್ಸೆಲ್ಸಿಯ ಹಿಂದಿನ ದಿನ ಅದನ್ನು ಕಲಿಯಲಾಗದು, ನಾಲ್ಕನೇ ತರಗತಿಯ ಕಿರುಪರೀಕ್ಷೆಗಳಲ್ಲೇ ರೂಢಿಯಾಗಬೇಕು. ತಾಲ್ಲೂಕಿನ ಬಿಆರ್‌ಸಿ ಕಚೇರಿಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಅವರೊಡನೆ ಕೂತು ಇದನ್ನು ಗೊತ್ತುಮಾಡೋಣ, ನಾನೂ ಬರುತ್ತೇನೆ.

ಕೊನೆಯದನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಅದೇ ಅತ್ಯಂತ ಮುಖ್ಯ. ಹೋದ ವರ್ಷ ಪುಟ್ಟಿಯ ನೀರಿನ ಬಾಟಲಿ ದಿನಾ ತುಂಬಿದ್ದು ತುಂಬಿದಂತೇ ಮನೆಗೆ ಬರುತ್ತಿತ್ತು. ಮರೆತಿರಬೇಕು ಅಂದುಕೊಂಡೆ. ಮಾರ್ಚ್‌ನಲ್ಲಿ ಉರಿಮೂತ್ರವಾಗಿ ಡಾಕ್ಟರ ಹತ್ತಿರ ಹೋದಾಗ ಬಾಯಿಬಿಟ್ಟಳು. ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕೂರಲು ಆಗುವುದಿಲ್ಲ, ನೆಲ ಒದ್ದೆ, ವಾಕರ್ ಬಾಗಿಲಲ್ಲಿ ಹಿಡಿಸುವುದಿಲ್ಲ, ಒಮ್ಮೆ ಬಟ್ಟೆ ಒದ್ದೆಯಾಗಿ ಯಾರೋ ನಕ್ಕಿದ್ದರು. ಅಂದಿನಿಂದ ಬೆಳಿಗ್ಗೆಯಿಂದ ಸಂಜೆ ನಾಲ್ಕರವರೆಗೆ ಗುಟುಕು ನೀರು ಕುಡಿದಿರಲಿಲ್ಲ. ಎಂಟು ವರ್ಷದ ಮಗು ಇದನ್ನು ಯಾರಿಗೂ ಹೇಳದೆ ತಾನೇ ತೀರ್ಮಾನಿಸಿತ್ತು. ನನಗೂ ಹೇಳಿರಲಿಲ್ಲ.

ಕೂರುವ ಭಾಗದಲ್ಲಿ ತೂತಿರುವ ಕಬ್ಬಿಣದ ಕುರ್ಚಿಯೊಂದನ್ನು ಶೌಚಾಲಯದ ಗುಂಡಿಯ ಮೇಲೆ ಇಡಲು ತರುತ್ತೇನೆ, ಬಳಸಿದ ಮೇಲೆ ಮೂಲೆಗೆ ಸರಿಸಿದರಾಯಿತು. ಗೋಡೆಗೆ ಒಂದು ಹಿಡಿಕೆ ಹಾಕಿಸಲು ಎಸ್‌ಡಿಎಂಸಿಯವರನ್ನು ಕೇಳಿದ್ದೇನೆ. ನೀವು ಮಾಡಬೇಕಾದದ್ದು ಒಂದೇ, ಬಿಡುವಿನ ಗಂಟೆ ಹೊಡೆಯುವ ಐದು ನಿಮಿಷ ಮೊದಲು, ಅವಳು ಕೇಳದಿದ್ದರೂ, ಅವಳು ಆರಿಸಿಕೊಂಡ ಗೆಳತಿಯೊಬ್ಬಳ ಜೊತೆ ಕಳಿಸಿ. ಗಂಟೆಯಾದ ಮೇಲೆ ವರಾಂಡದಲ್ಲಿ ಮಕ್ಕಳು ಓಡುತ್ತಾರೆ, ಮಳೆಯ ನೀರಿನಲ್ಲಿ ವಾಕರಿನ ರಬ್ಬರ್ ಬುಷ್ ಜಾರುತ್ತದೆ. ವಾಕರನ್ನು ಅಡ್ಡವಾಗುತ್ತದೆಂದು ಮೂಲೆಗೆ ಇಡಿಸಬೇಡಿ. ಅವಳ ಕೈಗೆಟಕುವಲ್ಲಿ ಇಲ್ಲದಿದ್ದರೆ ಅವಳು ಎದ್ದು ಹೋಗಲು ಪ್ರತಿ ಸಲ ಒಬ್ಬರನ್ನು ಬೇಡಬೇಕಾಗುತ್ತದೆ. ಬೇಡುವುದಕ್ಕಿಂತ ಬಾಯಾರಿಕೊಂಡೇ ಇರುವುದನ್ನು ಅವಳು ಹೋದ ವರ್ಷ ಆರಿಸಿಕೊಂಡಿದ್ದಳು.

ಮಕ್ಕಳು ಅವಳ ಕಾಲಿನ ಬಗ್ಗೆ ಕೇಳಿದರೆ ತಡೆಯಬೇಡಿ. ಉತ್ತರ ಅವಳೇ ಕೊಡುತ್ತಾಳೆ, ಅಭ್ಯಾಸ ಮಾಡಿಕೊಂಡಿದ್ದಾಳೆ: "ನಾನು ಬೇಗ ಹುಟ್ಟಿದೆ, ಮೆದುಳಿನಲ್ಲಿ ಕಾಲಿನ ತಂತಿಗೆ ಪೆಟ್ಟಾಯ್ತು."

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಮಕ್ಕಳು ಬರುವ ಮುಂಚೆ, ಹಲಗೆ, ಪೆಟ್ಟಿಗೆ, ಕುರ್ಚಿ ಮೂರನ್ನೂ ತರುತ್ತೇನೆ. ನಿಮಗೆ ಹತ್ತು ನಿಮಿಷ ಬಿಡುವಾದರೆ ಪುಟ್ಟಿಯನ್ನು ಇಬ್ಬರೂ ಸೇರಿ ಕೂರಿಸೋಣ. ಬೆಳೆಯುವ ಮಗು, ದಸರಾ ರಜೆ ಮುಗಿದ ಮೇಲೆ ಬಂದು ಇನ್ನೊಮ್ಮೆ ಅಳೆಯುತ್ತೇನೆ. ಅಲ್ಲಿಯವರೆಗೆ ಸಂಜೆ ಅವಳನ್ನು ಕಳಿಸುವಾಗ ನೀರಿನ ಬಾಟಲಿಯನ್ನು ಒಮ್ಮೆ ಎತ್ತಿ ನೋಡಿ, ಟೀಚರ್. ಭಾರವಿದ್ದರೆ ನನಗೊಂದು ಫೋನ್ ಮಾಡಿ.

ಇಂತಿ,
ಪುಟ್ಟಿಯ ಅಮ್ಮ